ಡಬ್ಬಿ ಕಳೆದ ಐಫೋನ್ ಯಾವ ಮಾದರಿ?

ದಾವಣಗೆರೆಯ ಅಶೋಕ ರಸ್ತೆಗೆ ಹಿಂಬದಿಯ ಕವರ್ ಕೊಳ್ಳಲು ಹೊರಟಿದ್ದೀರಿ, ಫೋನಿನ ಡಬ್ಬಿ ಕಳೆದಿದೆ, ಫೋನೂ ಆನ್ ಆಗುತ್ತಿಲ್ಲ ಎಂದರೆ ಹಿಂದಿನ ಕ್ಯಾಮೆರಾಗಳನ್ನು ನೋಡಿ. ಐಫೋನ್ 11 ಮತ್ತು 12ರಲ್ಲಿ ಎರಡು ಲೆನ್ಸ್‌ಗಳು ಒಂದರ ಕೆಳಗೊಂದು ಇರುತ್ತವೆ. 11ರ ಅಂಚು ದುಂಡಗೆ, 12ರದು ಚಪ್ಪಟೆ. 13ರಲ್ಲಿ ಲೆನ್ಸ್‌ಗಳು ಓರೆಯಾಗಿ ಕೂತಿವೆ. ಕವರಿನ ರಂಧ್ರ ಈ ಜೋಡಣೆಗೆ ತಕ್ಕಂತೆಯೇ ಇರುವುದರಿಂದ ಅಂಗಡಿಯವರೂ ಮೊದಲು ನೋಡುವುದು ಇದನ್ನೇ. ಈ ಉಪಾಯ ಕೈಕೊಡುವುದು 13 ಮತ್ತು 14ರ ನಡುವೆ: ಎರಡರಲ್ಲೂ ಓರೆ ಜೋಡಣೆಯೇ, ಆದರೆ 14ರ ಕ್ಯಾಮೆರಾ ಉಬ್ಬು ತುಸು ದೊಡ್ಡದು, 13ರ ಕವರ್ ಸರಿಯಾಗಿ ಕೂರದು. ಆಗ ಸಿಮ್ ಟ್ರೇ ಹೊರತೆಗೆದು, ಅದರ ಗೂಡಿನೊಳಗೆ ಟಾರ್ಚ್ ಬಿಟ್ಟು ಇಣುಕಿ, ಮಾದರಿ ಸಂಖ್ಯೆ ಅಲ್ಲಿರುತ್ತದೆ. ಇಲ್ಲಿ ಮಾರುವ ಫೋನ್ ಆದರೆ A2633 ಎಂದಿದ್ದರೆ 13, A2882 ಎಂದಿದ್ದರೆ 14. ಅಕ್ಷರ ಇರುವೆಗಿಂತ ಚಿಕ್ಕದು, ಕನ್ನಡಕ ಮರೆಯಬೇಡಿ.