ನಿದ್ದೆಯ ಸಾಲ ಎರಡು ರಜೆಯಲ್ಲಿ ತೀರುವುದಿಲ್ಲ, ಕಂತಿನಲ್ಲಿ ತೀರುತ್ತದೆ

ವಾರವಿಡೀ ನಿದ್ದೆಗೆಟ್ಟು, ಶನಿವಾರ, ಭಾನುವಾರ ಮಧ್ಯಾಹ್ನದ ಹೊತ್ತಿನವರೆಗೆ ಮಲಗಿ ‘ಲೆಕ್ಕ ಚುಕ್ತಾ’ ಎಂದುಕೊಳ್ಳುವವರು ಒಮ್ಮೆ ನಿಜವಾಗಿಯೂ ಲೆಕ್ಕ ಹಾಕಿ ನೋಡಬೇಕು. ಕಾಗದ, ಪೆನ್ನು ಸಾಕು.

ಮೊದಲು ನಿಮ್ಮ ಅಗತ್ಯ ಎಷ್ಟೆಂದು ತಿಳಿಯಿರಿ. ದೀರ್ಘ ರಜೆಯಲ್ಲಿ ಅಲಾರಂ ಇಡದೆ, ನಿದ್ದೆ ಬಂದಾಗ ಮಲಗಿ, ತಾನಾಗಿ ಎಚ್ಚರವಾದಾಗ ಏಳಿ. ಮೊದಲ ಮೂರ್ನಾಲ್ಕು ದಿನಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಆಗ ದೇಹ ಹಳೆಯ ಬಾಕಿ ವಸೂಲು ಮಾಡುತ್ತಿರುತ್ತದೆ. ಆಮೇಲಿನ ದಿನಗಳ ಸರಾಸರಿಯೇ ನಿಮ್ಮ ಅಗತ್ಯ. ವಯಸ್ಕರಲ್ಲಿ ಹೆಚ್ಚಿನವರದು 7ರಿಂದ 9 ಗಂಟೆಯೊಳಗೆ ಬರುತ್ತದೆ.

ಈಗ ಒಬ್ಬರ ಲೆಕ್ಕ ನೋಡೋಣ. ಅವರ ಅಗತ್ಯ ಏಳೂವರೆ ಗಂಟೆ. ಕೆಲಸದ ದಿನಗಳಲ್ಲಿ ಮಲಗುವುದು ರಾತ್ರಿ 11.30ಕ್ಕೆ, ಏಳುವುದು 5.30ಕ್ಕೆ. ದಿನಕ್ಕೆ ಒಂದೂವರೆ ಗಂಟೆಯ ಕೊರತೆ ಐದು ರಾತ್ರಿಗಳಲ್ಲಿ ಏಳೂವರೆ ಗಂಟೆಯಾಗುತ್ತದೆ, ಅಂದರೆ ಸರಿಯಾಗಿ ಒಂದು ರಾತ್ರಿಯ ನಿದ್ದೆಯೇ ಕಾಣೆ. ಶುಕ್ರವಾರ ಮತ್ತು ಶನಿವಾರ ಅವರು ರಾತ್ರಿ 1 ಗಂಟೆಗೆ ಮಲಗಿ ಬೆಳಿಗ್ಗೆ 10ಕ್ಕೆ ಏಳುತ್ತಾರೆ. ಅಗತ್ಯಕ್ಕಿಂತ ಒಂದೂವರೆ ಗಂಟೆಯಂತೆ ಎರಡು ದಿನಕ್ಕೆ ಮೂರು ಗಂಟೆ ಜಮಾ. ಬಾಕಿ ಉಳಿದದ್ದು ನಾಲ್ಕೂವರೆ.

ನಷ್ಟ ಅಷ್ಟಕ್ಕೇ ನಿಲ್ಲುವುದಿಲ್ಲ. ಭಾನುವಾರ ರಾತ್ರಿ 11.30ಕ್ಕೆ ಹಾಸಿಗೆಗೆ ಹೋದರೆ ಕಣ್ಣು ಮುಚ್ಚುವುದೇ ಇಲ್ಲ. ಕಾರಣ ಎರಡು. ಎಚ್ಚರವಿದ್ದಷ್ಟೂ ನಿದ್ದೆಯ ಒತ್ತಡ ಏರುತ್ತದೆ. ಕೆಲಸದ ದಿನ ಆ ಹೊತ್ತಿಗೆ ಅವರು 18 ಗಂಟೆ ಎಚ್ಚರವಿದ್ದರೆ, ಭಾನುವಾರ ಬರೀ ಹದಿಮೂರೂವರೆ. ಎರಡನೆಯದು ದೇಹದೊಳಗಿನ ಗಡಿಯಾರ. ವಾರದಲ್ಲಿ ಅವರ ನಿದ್ದೆಯ ನಡುಬಿಂದು 2.30 ಆದರೆ ರಜೆಯಲ್ಲಿ ಅದು 5.30. ಗಡಿಯಾರವನ್ನು ಹೊಂದಿಸುವುದು ಮುಖ್ಯವಾಗಿ ಬೆಳಗಿನ ಬೆಳಕು. ಎರಡು ದಿನ ಅದು ತಪ್ಪಿದರೆ ಗಡಿಯಾರ ಹಿಂದೆ ಬೀಳುತ್ತದೆ. ಹೀಗೆ ಭಾನುವಾರ 1 ಗಂಟೆಗೆ ನಿದ್ದೆ ಹತ್ತಿ 5.30ಕ್ಕೆ ಅಲಾರಂ ಹೊಡೆದರೆ, ಒಂದೇ ರಾತ್ರಿಯಲ್ಲಿ ಮೂರು ಗಂಟೆಯ ಹೊಸ ಸಾಲ. ಎರಡು ದಿನದ ಜಮಾ ಅಲ್ಲಿಗೆ ಸಾಫ್!

‘ಆದರೂ ಮಲಗಿ ಎದ್ದರೆ ಹಾಯೆನಿಸುತ್ತದಲ್ಲ?’ ಎನ್ನಬಹುದು. ಹಾಯೆನಿಸುವುದು ನಿಜ, ನಂಬಬಾರದ್ದೂ ಅದೇ. 2003ರಲ್ಲಿ ಪ್ರಕಟವಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ ಎರಡು ವಾರ ದಿನಕ್ಕೆ 6 ಗಂಟೆ ಮಾತ್ರ ಮಲಗಿದವರ ಎಚ್ಚರಿಕೆ ದಿನದಿಂದ ದಿನಕ್ಕೆ ಕುಸಿಯಿತು. ಅವರಿಗೆ ಮಾತ್ರ ಕೆಲವು ದಿನಗಳ ನಂತರ ತೂಕಡಿಕೆ ಹೆಚ್ಚಾದಂತೆ ಅನ್ನಿಸಲೇ ಇಲ್ಲ. 2019ರಲ್ಲಿ ಪ್ರಕಟವಾದ ಕೊಲರಾಡೊ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ವಾರಾಂತ್ಯದಲ್ಲಿ ಬೇಕಾದಷ್ಟು ಮಲಗಿದವರೂ ಮತ್ತೆ ಕಡಿಮೆ ನಿದ್ದೆಗೆ ಮರಳಿದಾಗ, ದೇಹ ಇನ್ಸುಲಿನ್‌ಗೆ ಸ್ಪಂದಿಸುವುದು ತಗ್ಗಿತ್ತು.

ಒಂದು ಸಮಾಧಾನವಿದೆ. ಕಳೆದುಕೊಂಡ ಪ್ರತಿ ಗಂಟೆಯನ್ನೂ ದೇಹ ಮರಳಿ ಕೇಳುವುದಿಲ್ಲ. ಅದು ಗಾಢನಿದ್ದೆಯ ಬಾಕಿಯನ್ನು ಮೊದಲು ತೀರಿಸಿಕೊಳ್ಳುತ್ತದೆ. 1964ರ ಜನವರಿಯಲ್ಲಿ 264 ಗಂಟೆಗಳ ಜಾಗರಣೆ ಮುಗಿಸಿದ ಅಮೆರಿಕದ ವಿದ್ಯಾರ್ಥಿ ರ‍್ಯಾಂಡಿ ಗಾರ್ಡ್ನರ್ ಮೊದಲ ಸಲ ಮಲಗಿದ್ದು ಸುಮಾರು 14 ಗಂಟೆ ಅಷ್ಟೆ. ಹಾಗಾಗಿ ನಮ್ಮ ಕೂಡು-ಕಳೆ ಅಂದಾಜಿನದೇ. ಆದರೆ ದಿಕ್ಕು ತೋರಿಸಲು ಅದು ಸಾಕು.

ತೀರಿಸುವ ಕ್ರಮ ಹೀಗೆ. ರಜೆಯ ದಿನ ಏಳುವ ಹೊತ್ತನ್ನು ಒಂದು ಗಂಟೆಗಿಂತ ಹೆಚ್ಚು ಮುಂದೂಡಬೇಡಿ. ಹೆಚ್ಚುವರಿ ನಿದ್ದೆಯನ್ನು ರಾತ್ರಿಯ ಕಡೆಯಿಂದ ಪಡೆಯಿರಿ. ನಮ್ಮ ಉದಾಹರಣೆಯವರು ಶುಕ್ರವಾರ, ಶನಿವಾರ 10ಕ್ಕೆ ಮಲಗಿ 6.30ಕ್ಕೆ ಎದ್ದು, ಮಧ್ಯಾಹ್ನ 1ರಿಂದ 3ರೊಳಗೆ ಅರ್ಧ ಗಂಟೆ ಕಣ್ಣು ಮುಚ್ಚಿದರೂ ಜಮಾ ಆಗುವುದು ಅದೇ ಮೂರು ಗಂಟೆ. ಆದರೆ ನಡುಬಿಂದು 2.15, ಗಡಿಯಾರ ಕದಲಿಲ್ಲ. ಭಾನುವಾರ ರಾತ್ರಿ ನಿದ್ದೆ ಹೊತ್ತಿಗೆ ಬರುತ್ತದೆ.

ಮುಂದಿನ ವಾರ ಕೆಲಸದ ದಿನಗಳಲ್ಲಿ ಅರ್ಧ ಗಂಟೆ ಮೊದಲು, 11ಕ್ಕೆ ಮಲಗಲಿ. ವಾರದ ಕೊರತೆ ಐದು ಗಂಟೆಗೆ ಇಳಿಯುತ್ತದೆ. ಅದು ಅಭ್ಯಾಸವಾದ ಮೇಲೆ 10.30ಕ್ಕೆ. ಆಗ ಕೊರತೆ ಎರಡೂವರೆ ಗಂಟೆ, ವಾರಾಂತ್ಯದ ಜಮಾ ಮೂರು. ಸಾಲ ಬೆಳೆಯುವುದು ನಿಂತಿತು. 

ತೀರುತ್ತಿದೆಯೇ ಎಂದು ತಿಳಿಯಲು ಹಳೆಯದೊಂದು ಪರೀಕ್ಷೆ ಇದೆ. ಮಧ್ಯಾಹ್ನ ಕತ್ತಲೆ ಕೋಣೆಯಲ್ಲಿ ಮಲಗಿ, ಮಂಚದ ಅಂಚಿನಾಚೆಗೆ ಚಾಚಿದ ಕೈಯಲ್ಲಿ ಚಮಚ ಹಿಡಿಯಿರಿ. ಕೆಳಗೆ ಸ್ಟೀಲ್ ತಟ್ಟೆ ಇರಲಿ. ಗಂಟೆ ನೋಡಿಕೊಂಡು ಕಣ್ಣು ಮುಚ್ಚಿ. ಚಮಚ ಬಿದ್ದ ಸದ್ದಿಗೆ ಎದ್ದಾಗ ಐದು ನಿಮಿಷವೂ ಆಗಿಲ್ಲದಿದ್ದರೆ ಸಾಲ ದೊಡ್ಡದು. ಹದಿನೈದು ನಿಮಿಷವಾದರೂ ಚಮಚ ಕೈಯಲ್ಲೇ ಇದ್ದರೆ ನೀವು ಸರಿಯಾಗಿದ್ದೀರಿ. ಮೂರು ವಾರ ಅಗತ್ಯದಷ್ಟು ಮಲಗಿದ ಮೇಲೂ ಚಮಚ ಐದು ನಿಮಿಷದೊಳಗೆ ಬೀಳುತ್ತಿದ್ದರೆ ಕೊರತೆ ಗಂಟೆಗಳದ್ದಲ್ಲದಿರಬಹುದು. ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತೀರಾ, ನಡುವೆ ಉಸಿರು ಕಟ್ಟುತ್ತದೆಯೇ ಎಂದು ಪಕ್ಕದಲ್ಲಿ ಮಲಗುವವರನ್ನು ಕೇಳಿ. ಹೌದು ಎಂದರೆ ವೈದ್ಯರನ್ನು ಕಾಣಿ.