ಎಂಪಾಕ್ಸ್ ಪೋಸ್ಟರ್‌ನಿಂದ ಕೋತಿ ಚಿತ್ರ ತೆಗೆಸಿದ್ದು ಯಾಕೆ

ಮೈಸೂರು ಜಿಲ್ಲೆಯಲ್ಲಿ ಆರೋಗ್ಯ ಶಿಕ್ಷಣದ ಕೆಲಸ ನನ್ನದು. ಪೋಸ್ಟರ್, ಕರಪತ್ರ, ಆಟೋ ಮೈಕಿನ ಪ್ರಚಾರ, ಆಶಾ ಕಾರ್ಯಕರ್ತೆಯರ ತರಬೇತಿ, ಇವಕ್ಕೆಲ್ಲ ಕನ್ನಡದಲ್ಲಿ ಬರೆದುಕೊಡೋದು ನಾನೇ. ಹೊಸ ಕಾಯಿಲೆ ಬಂದಾಗಲೆಲ್ಲ ಇದನ್ನು ಏನಂತ ಕರೆಯೋದು ಅನ್ನುವ ತಲೆನೋವು ನನ್ನ ಮೇಜಿಗೇ ಬರುತ್ತದೆ.

2022ರ ಜುಲೈನಲ್ಲಿ ಕೇರಳದಲ್ಲಿ ದೇಶದ ಮೊದಲ ಮಂಕಿಪಾಕ್ಸ್ ಪ್ರಕರಣ ಸಿಕ್ಕಿತು. ಈಗ ಎಂಪಾಕ್ಸ್ ಅನ್ನುವುದು ಇದನ್ನೇ. ನಮ್ಮ ಎಚ್.ಡಿ. ಕೋಟೆ ತಾಲ್ಲೂಕಿನ ಬಾವಲಿ ದಾಟಿದರೆ ವಯನಾಡು. ಅಂಗಡಿ, ಕೂಲಿ, ಸಂಬಂಧ ಅಂತ ಜನ ಓಡಾಡುತ್ತಲೇ ಇರುತ್ತಾರೆ. ಹಾಗಾಗಿ ಪೋಸ್ಟರ್ ತುರ್ತಾಗಿ ಬೇಕಿತ್ತು. ನನ್ನ ಕೈಗೆ ಬಂದ ಕರಡಿನಲ್ಲಿ ದಪ್ಪ ಅಕ್ಷರದಲ್ಲಿ ‘ಮಂಗನ ಸಿಡುಬು’ ಅಂತ ಇತ್ತು. ಪಕ್ಕದಲ್ಲಿ ಹಲ್ಲು ಕಿರಿದ ಕೋತಿ ಚಿತ್ರ ಬೇರೆ.

ಬೇರೆ ರಾಜ್ಯದಲ್ಲಿ ಆಗಿದ್ದರೆ ಇದು ನಡೆದುಹೋಗುತ್ತಿತ್ತೇನೋ. ಕರ್ನಾಟಕದಲ್ಲಿ ನಡೆಯೋದಿಲ್ಲ. ಯಾಕೆಂದರೆ ನಮ್ಮಲ್ಲಿ ಮಂಗನ ಕಾಯಿಲೆ ಮೊದಲೇ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಗಿದ್ದು. ಪುಸ್ತಕದಲ್ಲಿ ಅದರ ಹೆಸರು ಕ್ಯಾಸನೂರು ಫಾರೆಸ್ಟ್ ಡಿಸೀಸ್, ಜನರ ಬಾಯಲ್ಲಿ ಮಂಗನ ಕಾಯಿಲೆ. ಒಂದರಲ್ಲಿ ಊರು, ಇನ್ನೊಂದರಲ್ಲಿ ಪ್ರಾಣಿ! ಮಲೆನಾಡಿನದು ಅಂತ ನಾವೂ ಸುಮ್ನೆ ಕೂರುವ ಹಾಗಿಲ್ಲ. 2012ರಲ್ಲಿ ಬಂಡೀಪುರದಲ್ಲಿ ಸತ್ತ ಕೋತಿಗಳನ್ನು ಮುಟ್ಟಿ ಕೆಲಸ ಮಾಡಿದವರಿಗೂ ಬಂದಿತ್ತು. ಅದಕ್ಕೇ ಕಾಡಂಚಿನ ಹಾಡಿಗಳಲ್ಲಿ, ಕೋತಿ ಸತ್ತು ಬಿದ್ದಿದ್ದರೆ ಮುಟ್ಟಬೇಡಿ, ತಕ್ಷಣ ತಿಳಿಸಿ ಅಂತ ನಾವೇ ಹೇಳಿಕೊಡುತ್ತೇವೆ.

ಕರಡನ್ನು ತರಬೇತಿಯಲ್ಲಿ ತೋರಿಸಿದಾಗ ಒಬ್ಬ ಆಶಾ ಕೇಳಿಯೇಬಿಟ್ಟರು: “ಮೇಡಂ, ಕೋತಿ ಸತ್ರೆ ಫೋನ್ ಮಾಡಿ ಅಂತ ನೀವೇ ಹೇಳಿದ್ರಲ್ಲ, ಇದೂ ಅದೇನಾ? ಉಣ್ಣೆ ಎಣ್ಣೆ ಹಚ್ಕೊಂಡ್ರೆ ಸಾಕಾ?”

ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಮಂಗನ ಕಾಯಿಲೆ ಹರಡೋದು ಉಣ್ಣೆ ಕಚ್ಚಿ. ಕೋತಿ ಸತ್ತ ಮೇಲೆ ಅದರ ಮೈಮೇಲಿನ ಉಣ್ಣೆಗಳು ಇಳಿದು ಸುತ್ತಮುತ್ತ ಚೆಲ್ಲುತ್ತವೆ. ಅದಕ್ಕೇ ಕಾಡಿಗೆ ಹೋಗುವವರಿಗೆ ಉಣ್ಣೆ ಹತ್ತದಂತೆ ಡೆಪಾ ಎಣ್ಣೆ ಕೊಡೋದು. ಆ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಹರಡೋದಿಲ್ಲ. ಮಂಕಿಪಾಕ್ಸ್ ಪೂರ್ತಿ ಉಲ್ಟಾ. 2022ರಲ್ಲಿ ಅದು ದೇಶದಿಂದ ದೇಶಕ್ಕೆ ಹೋಗಿದ್ದೇ ಮನುಷ್ಯರಿಂದ ಮನುಷ್ಯರಿಗೆ, ಹತ್ತಿರದ ಸಂಪರ್ಕದಿಂದ, ಗುಳ್ಳೆ ಇರುವ ಚರ್ಮ ತಾಗಿ. ಗುಳ್ಳೆಯ ಹಕ್ಕಳೆ ಉದುರಿ ಹೊಸ ಚರ್ಮ ಬರುವ ತನಕ ರೋಗಿ ಬೇರೆ ಇರಬೇಕು. ‘ಮಂಗನ’ ಅನ್ನುವ ಒಂದೇ ಪದ ಎರಡೂ ಕಡೆ ಕೂತರೆ, ಎಣ್ಣೆ ಹಚ್ಚಿಕೊಂಡವರು ಗುಳ್ಳೆ ಇದ್ದವರ ಪಕ್ಕದಲ್ಲೇ ನಿಶ್ಚಿಂತೆಯಿಂದ ಮಲಗುತ್ತಾರೆ.

ಇನ್ನು ಮಂಕಿಪಾಕ್ಸ್‌ಗೂ ಕೋತಿಗೂ ಇರುವ ನಂಟು ಅಷ್ಟಕ್ಕಷ್ಟೆ. 1958ರಲ್ಲಿ ಡೆನ್ಮಾರ್ಕಿನ ಲ್ಯಾಬಿನಲ್ಲಿ ಸಾಕಿದ್ದ ಕೋತಿಗಳಲ್ಲಿ ವೈರಸ್ ಮೊದಲು ಕಂಡಿತು, ಹೆಸರು ಅಂಟಿಕೊಂಡಿತು. ಕಾಡಿನಲ್ಲಿ ಅದನ್ನು ಇಟ್ಟುಕೊಂಡಿರುವುದು ಅಳಿಲು, ಇಲಿ ಜಾತಿಯವು ಅನ್ನುವ ಅನುಮಾನವೇ ಜಾಸ್ತಿ. ಆದರೂ 2022ರಲ್ಲಿ ಬ್ರೆಜಿಲ್‌ನಲ್ಲಿ ಜನ ಕೋತಿಗಳಿಗೆ ಕಲ್ಲು ಹೊಡೆದರು, ವಿಷ ಹಾಕಿದರು. ಅದಕ್ಕೂ ಮೊದಲು, 2009ರಲ್ಲಿ, ಹಂದಿ ಜ್ವರ ಅನ್ನುವ ಹೆಸರು ಕೇಳಿ ಈಜಿಪ್ಟ್ ಸರ್ಕಾರ ಸುಮಾರು 3 ಲಕ್ಷ ಹಂದಿಗಳನ್ನು ಕೊಲ್ಲಲು ಹೊರಟಿತ್ತು. ಆಗ ಆ ದೇಶದಲ್ಲಿ ಒಂದು ಪ್ರಕರಣವೂ ಇರಲಿಲ್ಲ. ಜ್ವರ ಹರಡುತ್ತಿದ್ದದ್ದು ಮನುಷ್ಯರಲ್ಲಿ. ಹಂದಿ ಸಾಕಿದವರ ಹೊಟ್ಟೆ ಮೇಲೆ ಹೊಡೆತ ಬಿತ್ತು, ಜ್ವರ ಮಾತ್ರ ನಿಲ್ಲಲಿಲ್ಲ.

ಹಂದಿ ಜ್ವರದಂಥವನ್ನೆಲ್ಲ ನೋಡಿಯೇ ವಿಶ್ವ ಆರೋಗ್ಯ ಸಂಸ್ಥೆ 2015ರ ಮೇ ತಿಂಗಳಲ್ಲಿ ಹೆಸರಿಡಲು ಒಂದು ಮಾರ್ಗಸೂಚಿ ಹೊರಡಿಸಿತು. ಊರು, ವ್ಯಕ್ತಿ, ಪ್ರಾಣಿ, ಆಹಾರ, ಜನಾಂಗ, ಕಸುಬು, ಇವು ಯಾವುವೂ ಹೆಸರಿನಲ್ಲಿ ಬರಬಾರದು. ‘ಮಾರಕ’, ‘ನಿಗೂಢ’ ಅಂತ ಹೆದರಿಸುವ ಪದವೂ ಬೇಡ. ಬದಲಿಗೆ ಲಕ್ಷಣ ಹೇಳಿ, ಯಾರಿಗೆ ಬರುತ್ತದೆ, ಎಷ್ಟು ತೀವ್ರ ಅಂತ ಹೇಳಿ, ರೋಗಾಣು ಗೊತ್ತಿದ್ದರೆ ಅದನ್ನು ಸೇರಿಸಿ, ಚಿಕ್ಕದಾಗಿರಲಿ ಅನ್ನುತ್ತದೆ. ಕೋವಿಡ್-19 ಈ ಅಚ್ಚಿನಲ್ಲೇ ಬಂದದ್ದು: ಕೊರೋನಾ, ವೈರಸ್, ಡಿಸೀಸ್, 2019. ವೈರಸ್‌ಗೆ ಹೆಸರಿಡುವವರು ಬೇರೆ, ಅದಕ್ಕೊಂದು ಅಂತರರಾಷ್ಟ್ರೀಯ ಸಮಿತಿ ಇದೆ. ಕಾಯಿಲೆಯ ಹೆಸರು ಮಾತ್ರ ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣ ಪಟ್ಟಿಗೆ ಸೇರಬೇಕು.

ಮಾರ್ಗಸೂಚಿ ಇರುವುದು ಹೊಸ ಕಾಯಿಲೆಗೆ. ಮಂಕಿಪಾಕ್ಸ್ ಹಳೇದು, ಹಾಗಾಗಿ ಅದನ್ನು ಬದಲಾಯಿಸಲು ತಿಂಗಳುಗಟ್ಟಲೆ ಹಿಡಿಯಿತು. ಸಾರ್ವಜನಿಕರಿಂದಲೂ ಸಲಹೆ ಕೇಳಿದರು. 2022ರ ಆಗಸ್ಟ್‌ನಲ್ಲಿ ವೈರಸ್‌ನ ಕವಲುಗಳಿಗಿದ್ದ ಕಾಂಗೋ, ಪಶ್ಚಿಮ ಆಫ್ರಿಕಾ ಅನ್ನುವ ಹೆಸರು ತೆಗೆದು ಒಂದು, ಎರಡು ಅಂತ ಅಂಕಿ ಕೊಟ್ಟರು. ನವೆಂಬರ್ 28ಕ್ಕೆ ಎಂಪಾಕ್ಸ್ ಬಂತು. ಬೇರೆ ಬೇರೆ ಭಾಷೆಗಳಲ್ಲಿ ಉಚ್ಚರಿಸಲು ಆಗಬೇಕು, ಹಳೆಯ ಸಂಶೋಧನೆ ಹುಡುಕಿದರೆ ಸಿಗಬೇಕು ಅನ್ನುವುದನ್ನೂ ನೋಡಿದ್ದರು. ಒಂದು ವರ್ಷ ಎರಡೂ ಹೆಸರು ನಡೆಯಲಿ ಅಂದರು. ವೈರಸ್ ಹೆಸರು ಮಾತ್ರ ಈಗಲೂ ಮಂಕಿಪಾಕ್ಸ್ ವೈರಸ್ಸೇ. ಸಮಿತಿಗಳ ಕೆಲಸ ಹಾಗೇ ಅಲ್ವಾ!

ಜಿನೀವಾದಲ್ಲಿ ಕೂತವರು ಕನ್ನಡದ ಹೆಸರು ಕೊಡೋದಿಲ್ಲ. ಅದು ನಮ್ಮ ತಲೆಗೇ ಬಂತು. ಜುಲೈನಲ್ಲಿ ಹೊಸ ಹೆಸರು ಇನ್ನೂ ಬಂದಿರಲಿಲ್ಲ, ಹಾಗಾಗಿ ಅನುವಾದ ಬೇಡ, ‘ಮಂಕಿಪಾಕ್ಸ್’ ಅಂತಲೇ ಬರೆಯೋಣ, ಕೋತಿ ಚಿತ್ರ ತೆಗೆಯೋಣ ಅಂದೆ. ‘ಸಿಡುಬು’ ಕೂಡ ಬೇಡ ಅಂತ ಹಟ ಹಿಡಿದೆ. ನಮ್ಮ ಕಡೆ ಮೈಮೇಲೆ ಗುಳ್ಳೆ ಎದ್ದರೆ ‘ಅಮ್ಮ ಆಗಿದೆ’ ಅನ್ನುತ್ತಾರೆ. ಬೇವಿನ ಸೊಪ್ಪು ಹಾಸಿ ಮನೆಯಲ್ಲೇ ಮಲಗಿಸುತ್ತಾರೆ, ನೆಂಟರು ನೋಡಲು ಬರುತ್ತಾರೆ. ವಯಸ್ಸಾದವರಿಗೆ ಸಿಡುಬು ಅಂದರೆ ಹಳೆಯ ದೊಡ್ಡ ಸಿಡುಬಿನ ಭಯವೂ ಇದೆ. ನಮಗೆ ಈ ಎರಡೂ ಬೇಡ.

ನವೆಂಬರ್ ಆದಮೇಲೆ ‘ಎಂಪಾಕ್ಸ್’ ಅಂತ ಬದಲಾಯಿಸಿದೆವು. ನಾನು ಯಾವ ಹೆಸರನ್ನೂ ಕಾಗದದ ಮೇಲೆ ನೋಡಿ ಒಪ್ಪಿಕೊಳ್ಳೋದಿಲ್ಲ. ಸಿಗ್ನಲ್ ಸರಿ ಇಲ್ಲದ ಹಾಡಿಯ ಕಡೆಯ ಆಶಾಗೆ ಫೋನಿನಲ್ಲಿ ಹೇಳಿ, ಕೇಳಿಸಿದ್ದನ್ನು ಬರೆದು ಕಳಿಸಿ ಅನ್ನುತ್ತೇನೆ. ಬಂದದ್ದು ‘ಎಂ ಬಾಕ್ಸ್’. ಇನ್ನೊಬ್ಬರದು ‘ಯಂಪಾಸ್’. ಹೆಸರು ಯಾರಿಗೂ ನೋವು ಮಾಡೋದಿಲ್ಲ ನಿಜ, ಆದರೆ ಏನನ್ನೂ ಹೇಳೋದೂ ಇಲ್ಲ. ಅದಕ್ಕೇ ಅದರ ಕೆಳಗೆ ಅಷ್ಟೇ ದಪ್ಪ ಅಕ್ಷರದಲ್ಲಿ ಒಂದು ಸಾಲು ಸೇರಿಸಿದೆ: ‘ಜ್ವರ, ಗುಳ್ಳೆ, ಗಂಟಲ ಹತ್ತಿರ ಗಂಟು. ಮೈಗೆ ಮೈ ತಾಗಿ ಹರಡುತ್ತದೆ.’ ಅದರ ಕೆಳಗೆ ಸಣ್ಣಗೆ, ‘ಇದು ಮಂಗನ ಕಾಯಿಲೆ ಅಲ್ಲ.’

ಹಾಗಾದರೆ ಮಂಗನ ಕಾಯಿಲೆಯ ಹೆಸರನ್ನೂ ಬದಲಾಯಿಸಬೇಕಾ ಅಂತ ಸಭೆಯಲ್ಲಿ ಒಬ್ಬರು ಕೇಳಿದರು. ಬೇಡ ಅನ್ನುವುದೇ ನನ್ನ ಅಭಿಪ್ರಾಯ. ಅಲ್ಲಿ ಕೋತಿ ಸಾಯುವುದೇ ಮೊದಲ ಎಚ್ಚರಿಕೆ. ಆ ಹೆಸರು ಕೇಳಿಯೇ ಜನ ಸತ್ತ ಕೋತಿಯ ಸುದ್ದಿ ಮುಟ್ಟಿಸುತ್ತಾರೆ. ಉಣ್ಣೆ ಅನ್ನುವ ಮಾತು ಮಾತ್ರ ಪೋಸ್ಟರಿನಲ್ಲಿ ಇನ್ನಷ್ಟು ದೊಡ್ಡದಾಗಬೇಕು. 2024ರ ಆಗಸ್ಟ್‌ನಲ್ಲಿ ಎಂಪಾಕ್ಸ್‌ಗೆ ಮತ್ತೆ ಜಾಗತಿಕ ತುರ್ತು ಪರಿಸ್ಥಿತಿ ಘೋಷಿಸಿದಾಗ ಹಳೆಯ ಪೋಸ್ಟರನ್ನೇ ಅಚ್ಚು ಹಾಕಿಸಿದೆವು. ವರದಿ ಬರೆಯುವವರಿಗೆ ಹೆಸರಿನ ಪಕ್ಕದಲ್ಲಿ ಆ ರೋಗ ವರ್ಗೀಕರಣ ಪಟ್ಟಿಯ, ಅಂದರೆ ಐಸಿಡಿ-10ರ, ಕೋಡ್ ಕೂಡ ಹಾಕಲು ಹೇಳಿಕೊಟ್ಟಿದ್ದೇವೆ: ಎಂಪಾಕ್ಸ್‌ಗೆ B04, ಮಂಗನ ಕಾಯಿಲೆಗೆ A98.2. ‘ಎಂ ಬಾಕ್ಸ್’ ಅಂತ ಬರೆದು ಕಳಿಸಿದರೂ ಈಗ ಗೊಂದಲ ಇಲ್ಲ.