ನಾಲ್ಕು ಮನೆಯ ಪಟ್ಟಿ ನನಗೆ ಒಗ್ಗಿದ್ದು ಮನೆಗಳ ಅಳತೆ ಬದಲಿಸಿದ ಮೇಲೆ

ತುರ್ತು, ಮುಖ್ಯ ಅಂತ ಕೆಲಸಗಳನ್ನು ನಾಲ್ಕು ಮನೆಗೆ ಹಂಚುವ ಪಟ್ಟಿಯನ್ನು ನಾನು ಮೂರು ಸಲ ಶುರು ಮಾಡಿ ಮೂರು ಸಲವೂ ಬಿಟ್ಟಿದ್ದೆ. ನಾಲ್ಕನೇ ಸಲ ಹಿಡಿದಾಗ ನನ್ನ ಹಾಗೆಯೇ ಪುಸ್ತಕಗಳ ಪುಟ ವಿನ್ಯಾಸ ಮಾಡುವ ಗೆಳೆಯ, "ಅದು ಕೈಕೆಳಗೆ ಜನ ಇರುವವರಿಗೆ. ಒಬ್ಬನೇ ದುಡಿಯುವವನಿಗೆ ಅದರಿಂದ ಏನು ಸಿಗುತ್ತೆ?" ಅಂದಿದ್ದ. ಹೆಂಡತಿಯೂ, "ಪಟ್ಟಿ ಬರೆಯೋ ಹೊತ್ತಲ್ಲಿ ಒಂದು ಕೆಲಸ ಮುಗಿಯುತ್ತಲ್ವಾ?" ಅಂತ ಕೇಳಿದ್ದಳು. ಈಗ ಸುಮಾರು ಎರಡು ವರ್ಷದಿಂದ ಒಂದು ದಿನವೂ ಬಿಡದೆ ನಡೆಸಿದ್ದೇನೆ. ಆ ಗೆಳೆಯನೂ ಈಗ ಇದನ್ನೇ ಬಳಸುತ್ತಾನೆ.

ಮೊದಲು ಸೋತದ್ದನ್ನು ಹೇಳಿಬಿಡುತ್ತೇನೆ. ಮೊದಲ ಸಲ ಎಲ್ಲರ ಹಾಗೆ ಹಾಳೆಯನ್ನು ನಾಲ್ಕು ಸಮ ಭಾಗ ಮಾಡಿದೆ. ಒಂದು ವಾರದಲ್ಲಿ "ತುರ್ತು, ಮುಖ್ಯ" ಮನೆಯಲ್ಲಿ ಹನ್ನೆರಡು ಹದಿಮೂರು ಕೆಲಸ ತುಂಬಿತು. ಉಳಿದ ಮೂರೂ ಮನೆ ಹೆಚ್ಚುಕಡಿಮೆ ಖಾಲಿ. ಅದು ಮಾಮೂಲಿ ಪಟ್ಟಿಯೇ ಆಯಿತು, ಸುತ್ತ ಗೆರೆ ಜಾಸ್ತಿ ಅಷ್ಟೇ.

ಎರಡನೇ ಸಲ ಸ್ಪ್ರೆಡ್‌ಶೀಟಿಗೆ ಹೋದೆ. ಬಿ ಕಾಲಮಿನಲ್ಲಿ ಮುಖ್ಯವೋ ಅಲ್ಲವೋ, ಸಿ ಕಾಲಮಿನಲ್ಲಿ ಕೊನೆಯ ದಿನಾಂಕ. ಎರಡು ದಿನದೊಳಗೆ ಇದ್ದರೆ ತುರ್ತು. ಮನೆಯ ಸಂಖ್ಯೆಯನ್ನು ಸೂತ್ರವೇ ಕೊಡಬೇಕು: ತುರ್ತೂ ಮುಖ್ಯವೂ ಆದದ್ದು ಒಂದನೇ ಮನೆ, ಮುಖ್ಯ ಆದರೆ ತುರ್ತಿಲ್ಲದ್ದು ಎರಡನೆಯದು, ತುರ್ತು ಆದರೆ ಮುಖ್ಯವಲ್ಲದ್ದು ಮೂರನೆಯದು, ಎರಡೂ ಅಲ್ಲದ್ದು ನಾಲ್ಕನೆಯದು. ಬರೆದದ್ದು ಹೀಗೆ:

```
=IF(C2-TODAY()<=2,IF(B2="ಹೌದು",1,3),IF(B2="ಹೌದು",2,4))
```

ನೋಡಲು ಸರಿಯಾಗಿದೆ. ಆದರೆ ದಿನಾಂಕ ಇಲ್ಲದ ಕೆಲಸಗಳೆಲ್ಲ ತುರ್ತಿನ ಮನೆಗೆ ಓಡಿದವು. ಖಾಲಿ ಸೆಲ್ ಎಂದರೆ ಸೊನ್ನೆ. ಸೊನ್ನೆಯಿಂದ ಇವತ್ತಿನ ದಿನಾಂಕ ಕಳೆದರೆ ದೊಡ್ಡ ಋಣ ಸಂಖ್ಯೆ ಬರುತ್ತದೆ, ಅದು ಎರಡಕ್ಕಿಂತ ಕಡಿಮೆಯೇ ತಾನೇ. ಇದು ಗೊತ್ತಾಗಲು ನನಗೆ ಹತ್ತು ದಿನ ಬೇಕಾಯಿತು. ಸರಿ ಮಾಡಿದ್ದು:

```
=IF(AND(C2<>"",C2-TODAY()<=2),IF(B2="ಹೌದು",1,3),IF(B2="ಹೌದು",2,4))
```

ಈಗ ದಿನಾಂಕ ಇಲ್ಲದವು ಎರಡನೇ ಅಥವಾ ನಾಲ್ಕನೇ ಮನೆಗೆ ಹೋಗುತ್ತವೆ. ಸೂತ್ರ ಸರಿಹೋಯಿತು, ನನ್ನ ಕೆಲಸ ಸರಿಹೋಗಲಿಲ್ಲ. ಶೀಟಿನಲ್ಲಿ ಎಷ್ಟು ಸಾಲು ಬೇಕಾದರೂ ಸೇರಿಸಬಹುದು. ಮನೆ ತುಂಬಿತು ಅಂತ ಅದು ಯಾವತ್ತೂ ಹೇಳುವುದಿಲ್ಲ.

ಆ ಶೀಟಿನ ಎರಡನೇ ಮನೆಯಲ್ಲಿ "ಬ್ಯಾಕಪ್" ಎಂಬ ಸಾಲು ಸುಮಾರು ಹನ್ನೊಂದು ವಾರ ಕುಳಿತಿತ್ತು. ಮುಖ್ಯ, ಆದರೆ ತುರ್ತಿಲ್ಲ. ದಿನವೂ ನೋಡುತ್ತಿದ್ದೆ, ದಿನವೂ ಮುಂದೆ ತಳ್ಳುತ್ತಿದ್ದೆ. ಒಂದು ಬೆಳಿಗ್ಗೆ ಹಾರ್ಡ್ ಡಿಸ್ಕ್ ಏಳಲೇ ಇಲ್ಲ. ಮುನ್ನೂರು ಪುಟದ ಒಂದು ಪುಸ್ತಕ ಮುಗಿಯಲು ಬಂದಿತ್ತು, ಪೂರ್ತಿ ಹೋಯಿತು. ಮತ್ತೆ ಮಾಡಲು ಮೂರು ವಾರ ಹಿಡಿಯಿತು, ಅದಕ್ಕೆ ಬಿಡಿಗಾಸೂ ಸಿಗಲಿಲ್ಲ. ಕಾದು ಸಾಕಾದ ಇನ್ನೊಬ್ಬ ಪ್ರಕಾಶಕರು ಬೇರೆಯವರ ಹತ್ತಿರ ಹೋದರು. ಎಲ್ಲ ಸೇರಿ ಒಂದೂವರೆ ತಿಂಗಳ ಸಂಪಾದನೆ ಹೋಗಿರಬೇಕು. ಬ್ಯಾಕಪ್ ಇಪ್ಪತ್ತೈದು ನಿಮಿಷದ ಕೆಲಸ.

ಆಗಲೇ ನನಗೆ ಒಂದು ವಿಷಯ ಖಚಿತವಾಯಿತು. ಮೊದಲ ಮನೆಯ ಕೆಲಸ ಹೇಗಾದರೂ ಆಗುತ್ತದೆ, ಯಾರಾದರೂ ಬೆನ್ನು ಬಿದ್ದಿರುತ್ತಾರೆ. ನಾಲ್ಕನೆಯದು ಆಗದಿದ್ದರೂ ನಷ್ಟವಿಲ್ಲ. ನಿಜವಾದ ಜಗ್ಗಾಟ ಇರುವುದು ಎರಡನೇ ಮನೆಗೂ ಮೂರನೇ ಮನೆಗೂ ನಡುವೆ. ಈ ಪಟ್ಟಿಗೆ ಅಮೆರಿಕದ ಅಧ್ಯಕ್ಷರಾಗಿದ್ದ ಐಸೆನ್‌ಹೋವರ್ ಅವರ ಹೆಸರು ಬಂದದ್ದು 1954ರ ಅವರ ಒಂದು ಭಾಷಣದಿಂದ. ಅಲ್ಲಿ ನಾಲ್ಕು ಮನೆಯೇ ಇಲ್ಲ. ತುರ್ತಿನ ತೊಂದರೆ, ಮುಖ್ಯ ತೊಂದರೆ ಅಂತ ಎರಡೇ ಬಗೆ. ತುರ್ತಿನವು ಮುಖ್ಯವಲ್ಲ, ಮುಖ್ಯವಾದವು ಎಂದೂ ತುರ್ತಾಗಿ ಬರುವುದಿಲ್ಲ ಅನ್ನುವ ಅರ್ಥದ ಮಾತು. ಅದನ್ನೂ ಅವರು ಹಳೆಯ ಕಾಲೇಜು ಮುಖ್ಯಸ್ಥರೊಬ್ಬರ ಮಾತು ಅಂತಲೇ ಹೇಳಿದ್ದರು. ಅಂದರೆ ಅವರು ಹೇಳಿದ್ದು ಈ ಎರಡನೇ ಮನೆ, ಮೂರನೇ ಮನೆಯ ಮಾತೇ.

ಮೂರನೇ ಸಲದ್ದು ಅಂಕ ಕೊಡುವ ಪ್ರಯೋಗ. ತುರ್ತಿಗೆ ಹತ್ತರಲ್ಲಿ ಇಷ್ಟು, ಮುಖ್ಯಕ್ಕೆ ಹತ್ತರಲ್ಲಿ ಇಷ್ಟು. ಹೆಚ್ಚು ಹೇಳುವಂಥದ್ದಿಲ್ಲ. ಎಲ್ಲಕ್ಕೂ ಏಳು ಎಂಟು ಬಂತು, ಎರಡು ವಾರಕ್ಕೆ ಬಿಟ್ಟೆ.

ಈಗ ಕೆಲಸ ಮಾಡುತ್ತಿರುವ ಹಾಳೆಗೆ ಬರುತ್ತೇನೆ. ಎ4 ಹಾಳೆ, ಅಡ್ಡಲಾಗಿ. ಎರಡು ಬದಲಾವಣೆ ಮಾಡಿದೆ. ಒಂದು, ಕಾಲಮುಗಳನ್ನು ಅದಲು ಬದಲು ಮಾಡಿದೆ. ಸಾಮಾನ್ಯವಾಗಿ ಎಡಗಡೆ ತುರ್ತು, ಬಲಗಡೆ ತುರ್ತಿಲ್ಲ. ನಾವು ಓದುವುದು ಎಡದಿಂದ, ಮೇಲಿನಿಂದ. ಹಾಗಾಗಿ ಕಣ್ಣು ಮೊದಲು ಬೀಳುವುದು ಬೆಂಕಿ ಹತ್ತಿದ ಮನೆಯ ಮೇಲೆ, ಕೈಯೂ ಅಲ್ಲಿಗೇ ಹೋಗುತ್ತದೆ. ನಾನು "ಮುಖ್ಯ, ತುರ್ತಿಲ್ಲ" ಅನ್ನುವುದನ್ನು ಎಡ ಮೇಲ್ಮೂಲೆಗೆ ತಂದೆ.

ಎರಡನೆಯದು ಅಳತೆ. ತುರ್ತು ಮತ್ತು ಮುಖ್ಯದ ಮನೆಯಲ್ಲಿ ಮೂರೇ ಸಾಲು. ಎಡ ಮೇಲ್ಮೂಲೆಯ ಮನೆಯಲ್ಲಿ ಎರಡೇ ಸಾಲು, ಆದರೆ ಅಗಲ ಜಾಸ್ತಿ. ಪ್ರತಿ ಕೆಲಸದ ಪಕ್ಕ ಗಂಟೆ ಬರೆಯಲು ಜಾಗ ಬೇಕು. ಗಂಟೆ ಬರೆಯದೆ ಆ ಮನೆಯಲ್ಲಿ ಏನನ್ನೂ ಬರೆಯುವಂತಿಲ್ಲ. ಮೂರನೇ ಮನೆಗೆ ಐದು ಸಾಲು. ನಾಲ್ಕನೆಯದಕ್ಕೆ ಹೆಬ್ಬೆರಳಗಲದ ಜಾಗ. ಹಿಡಿಸದ್ದೆಲ್ಲ ಹಾಳೆಯ ಹಿಂಬದಿಗೆ. ಸಾಲು ತುಂಬಿದ ಮೇಲೆ ಹೊಸದು ಬಂದರೆ ಒಂದನ್ನು ಹೊಡೆದುಹಾಕಿಯೇ ಬರೆಯಬೇಕು. ಸಮ ಭಾಗದ ಹಾಳೆ, ಶೀಟು ಎರಡೂ ಸೋತದ್ದು ಇಲ್ಲಿಯೇ.

ಹಂಚುವಾಗ ಮೊದಲು ಮುಖ್ಯವೋ ಅಲ್ಲವೋ ಅಂತ ಎಲ್ಲ ಕೆಲಸಕ್ಕೂ ಗುರುತು ಹಾಕಿ ಮುಗಿಸುತ್ತೇನೆ. ಆಮೇಲಷ್ಟೇ ದಿನಾಂಕ ನೋಡುವುದು. ಎರಡನ್ನೂ ಒಟ್ಟಿಗೆ ಕೇಳಿದರೆ ತುರ್ತಾದದ್ದೆಲ್ಲ ಮುಖ್ಯವಾಗಿಯೂ ಕಾಣುತ್ತದೆ. ಮುಖ್ಯಕ್ಕೆ ನನ್ನ ಪ್ರಶ್ನೆ ಇಷ್ಟೇ: ಇದನ್ನು ಬಿಟ್ಟುಬಿಟ್ಟರೆ ಮೂರು ತಿಂಗಳ ಮೇಲೂ ಅದರ ಪೆಟ್ಟು ಇರುತ್ತದಾ?

ಮೊನ್ನೆಯ ಒಂದು ಮಂಗಳವಾರದ ಹಾಳೆ ಹೀಗಿತ್ತು:

| | ತುರ್ತಿಲ್ಲ | ತುರ್ತು (2 ದಿನದೊಳಗೆ) |
|---|---|---|
| ಮುಖ್ಯ | ಮುಗಿದ ಕೆಲಸದ ಬಿಲ್ ಕಳಿಸುವುದು, 9:00ರಿಂದ 9:20. ಬ್ಯಾಕಪ್, 9:20ರಿಂದ 9:45 | ಕಾದಂಬರಿಯ ತಿದ್ದುಪಡಿ, ನಾಳೆ ಮಧ್ಯಾಹ್ನದೊಳಗೆ |
| ಮುಖ್ಯವಲ್ಲ | ಫಾಂಟ್ ಫೋಲ್ಡರ್ ಜೋಡಿಸುವುದು | ಕರೆಂಟ್ ಬಿಲ್, ಎರಡು ಮೇಲ್, ಒಂದು ಸಭೆಯ ಆಮಂತ್ರಣಕ್ಕೆ ಉತ್ತರ. ಎಲ್ಲ 4 ಗಂಟೆಗೆ |

ಬಿಲ್ ಕಳಿಸುವುದು ಎಡ ಮೇಲ್ಮೂಲೆಯಲ್ಲಿದೆ, ನೋಡಿ. ನಮ್ಮಂಥವರ ದುಡ್ಡು ಸಿಕ್ಕಿಕೊಳ್ಳುವುದು ಅಲ್ಲೇ. ಬಿಲ್ ಕಳಿಸಿ ಅಂತ ನಮ್ಮನ್ನು ಯಾರೂ ಕೇಳುವುದಿಲ್ಲ, ಅದಕ್ಕೆ ಕೊನೆಯ ದಿನಾಂಕವೂ ಇಲ್ಲ. ಮೊದಲೆಲ್ಲ ಕೆಲಸ ಮುಗಿಸಿ ಐದಾರು ವಾರಕ್ಕೆ ಬಿಲ್ ಕಳಿಸುತ್ತಿದ್ದೆ. ಈಗ ಮೂರು ನಾಲ್ಕು ದಿನದಲ್ಲಿ ಹೋಗುತ್ತದೆ. ಕೈಗೆ ಹಣ ಬರುವುದು ಒಂದು ತಿಂಗಳಷ್ಟು ಮುಂಚೆ ಆಯಿತು. ಕೈಸಾಲ ಮಾಡುವುದು ನಿಂತದ್ದು ಇದರಿಂದಲೇ.

ಕರೆಂಟ್ ಬಿಲ್ ಮುಖ್ಯವಲ್ಲದ ಸಾಲಿಗೆ ಹೋದದ್ದಕ್ಕೆ ಹೆಂಡತಿ ತಕರಾರು ತೆಗೆದಳು. ಒಂದು ದಿನ ತಪ್ಪಿದರೆ ಸ್ವಲ್ಪ ದಂಡ ಬೀಳುತ್ತದೆ, ಮೂರು ತಿಂಗಳಿಗೆ ಅದು ನೆನಪಿರುವುದಿಲ್ಲ. ಮುಖ್ಯವಲ್ಲ ಅಂದರೆ ಕಟ್ಟುವುದಿಲ್ಲ ಅಂತಲ್ಲ. ಬೆಳಗಿನ ಒಳ್ಳೆ ಹೊತ್ತನ್ನು ಅದಕ್ಕೆ ಕೊಡುವುದಿಲ್ಲ, ಅಷ್ಟೇ. ನಾಲ್ಕು ಗಂಟೆಗೆ ಕಟ್ಟಿದೆ.

ಅದೇ ದಿನ ಒಬ್ಬರು ಫೋನ್ ಮಾಡಿ, ಮುಖಪುಟದ ಬಣ್ಣ ಈಗಲೇ ಬದಲಿಸಿ ಅಂತ ಜೋರು ಮಾಡಿದರು. ಅವರ ಪುಸ್ತಕ ಅಚ್ಚಿಗೆ ಹೋಗಲು ಇನ್ನೂ ಹತ್ತು ದಿನ ಇತ್ತು. ದನಿ ಜೋರಾದರೆ ತುರ್ತಾಗುವುದಿಲ್ಲ, ದಿನಾಂಕ ಹತ್ತಿರ ಬಂದರೆ ಮಾತ್ರ ತುರ್ತು. ಗುರುವಾರ ಬೆಳಿಗ್ಗೆ ಕಳಿಸುತ್ತೇನೆ ಸಾರ್ ಅಂದೆ, ಹಿಂಬದಿಗೆ ಬರೆದುಕೊಂಡೆ, ಗುರುವಾರ ಕಳಿಸಿದೆ. ಇಂಥ ಫೋನುಗಳನ್ನು ಬೇಸರವಾಗದಂತೆ ಮುಗಿಸಲು ನಾನು ಹೇಳುವ ಒಂದು ವಾಕ್ಯ ಇದೆ, ಅದು ನನ್ನ ಹತ್ತಿರವೇ ಇರಲಿ.

ಮೂರನೇ ಮನೆಯನ್ನು ಬೇರೆಯವರಿಗೆ ವಹಿಸಿ ಅನ್ನುತ್ತಾರೆ. ಗೆಳೆಯ ಅಂದದ್ದು ಸರಿ, ನನ್ನ ಕೈಕೆಳಗೆ ಯಾರೂ ಇಲ್ಲ. ಹಾಗಾಗಿ ಸಂಜೆ ನಾಲ್ಕರಿಂದ ನಲವತ್ತು ನಿಮಿಷ, ಎಲ್ಲವನ್ನೂ ಒಟ್ಟಿಗೆ. ಮೇಲುಗಳಿಗೆ ಐದಾರು ಸಿದ್ಧ ಉತ್ತರ ಇಟ್ಟುಕೊಂಡಿದ್ದೇನೆ. ನಡುವೆ ಕಡತ ಜೋಡಿಸಲು, ಮೇಲ್ ನೋಡಲು ಅರೆಕಾಲಿಕವಾಗಿ ಒಬ್ಬರನ್ನು ಇಟ್ಟುಕೊಂಡು ನೋಡಿದೆ. ತಿಂಗಳ ಸಂಪಾದನೆಯ ಹತ್ತರಲ್ಲೊಂದು ಭಾಗ ಅವರಿಗೆ ಹೋಯಿತು. ಅವರಿಗೆ ವಿವರಿಸಲು ದಿನಕ್ಕೆ ಅರ್ಧ ಗಂಟೆ ಬೇಕಾಗುತ್ತಿತ್ತು. ಉಳಿದದ್ದು ಹತ್ತೇ ನಿಮಿಷ. ಮೂರು ತಿಂಗಳಿಗೆ ನಿಲ್ಲಿಸಿದೆ.

ಹಾಳೆ ಸರಿಯಾಗಿ ನಡೆಯುತ್ತಿದೆಯಾ ಅಂತ ನೋಡಲು ನಾನು ಒಂದು ಬಾಣದ ಗುರುತು ಹಾಕುತ್ತೇನೆ. ಎಡ ಮೇಲ್ಮನೆಯಲ್ಲಿದ್ದ ಅಥವಾ ಹಿಂಬದಿಯಲ್ಲಿ ಕಾಯುತ್ತಿದ್ದ ಮುಖ್ಯ ಕೆಲಸ ಮಾಡದೆ ಉಳಿದು, ತುರ್ತಾಗಿ ಬಲಕ್ಕೆ ದಾಟಿದರೆ ಅದರ ಪಕ್ಕ ಬಾಣ. ತಿಂಗಳ ಕೊನೆಗೆ ಬಾಣ ಎಣಿಸುತ್ತೇನೆ. ಮೊದಲ ತಿಂಗಳು ಹದಿನಾಲ್ಕೋ ಹದಿನೈದೋ ಇದ್ದವು. ಈಗ ಮೂರು ನಾಲ್ಕು. ಬಾಣ ಇಲ್ಲದೆ ನೇರವಾಗಿ ಬಲಕ್ಕೆ ಬಂದವು ಹೊರಗಿನಿಂದ ಬಿದ್ದವು, ಅವನ್ನು ನಾನು ತಡೆಯಲಾರೆ. ಬಾಣದವು ನನ್ನ ಕೈಯಲ್ಲಿದ್ದವು. ಇನ್ನೊಂದು ಕಟ್ಟುಪಾಡು ಬ್ಯಾಕಪ್ಪಿನ ಪೆಟ್ಟಿನಿಂದ ಬಂದದ್ದು: ಒಂದು ಕೆಲಸವನ್ನು ಮೂರನೇ ಸಲ ನಾಳೆಯ ಹಾಳೆಗೆ ಬರೆಯುವಂತಿಲ್ಲ. ಇಪ್ಪತ್ತೈದು ನಿಮಿಷದ ತುಂಡು ಮಾಡಬೇಕು, ಇಲ್ಲವೇ ಹೊಡೆದುಹಾಕಬೇಕು. "ಹೊಸ ಪುಟದ ಮಾದರಿ ತಯಾರಿಸುವುದು" ಅನ್ನುವುದು ತಿಂಗಳುಗಟ್ಟಲೆ ಉಳಿದಿತ್ತು. "ಅಧ್ಯಾಯದ ಮೊದಲ ಪುಟ ಮಾತ್ರ" ಅಂತ ಬರೆದ ದಿನ ಶುರುವಾಯಿತು, ಹತ್ತು ತುಂಡಿಗೆ ಮುಗಿಯಿತು.

ಈ ಹಾಳೆ ಕೈಕೊಡುವ ಜಾಗವೂ ಇದೆ. ಒಂದೇ ಮನೆಯಲ್ಲಿರುವ ಮೂರರಲ್ಲಿ ಯಾವುದು ಮೊದಲು ಅಂತ ಅದು ಹೇಳುವುದಿಲ್ಲ. ಆ ಮೂರನ್ನು ನಾನು ದಿನಾಂಕದ ಮೇಲೆ ಹಿಡಿಯುತ್ತೇನೆ. ಎರಡು ಪುಸ್ತಕ ಒಂದೇ ವಾರ ಅಚ್ಚಿಗೆ ಹೋಗುವಾಗ ಬಲ ಮೇಲ್ಮನೆಯ ಮೂರು ಸಾಲು ಬೆಳಿಗ್ಗೆಯೇ ತುಂಬಿರುತ್ತದೆ. ಅಂಥ ವಾರದಲ್ಲೂ ಎಡ ಮೇಲ್ಮೂಲೆಯ ಒಂದು ಸಾಲನ್ನು ಮಾತ್ರ ಬಿಡುವುದಿಲ್ಲ, ಹದಿನೈದು ನಿಮಿಷವಾದರೂ ಸರಿ. ಕಳೆದ ಅಂಥ ವಾರದಲ್ಲಿ ಆ ಸಾಲಿನಲ್ಲಿ ಇದ್ದದ್ದು ಮತ್ತೆ ಬ್ಯಾಕಪ್ಪೇ. ಬೆಳಿಗ್ಗೆ ಒಂಬತ್ತಕ್ಕೆ ಮುಗಿಸಿ ಆಮೇಲೆ ಪುಸ್ತಕ ತೆರೆದೆ.